ವಿಮಲಮ್ಮನ ರಿಜೆಕ್ಷನ್ ರಿಜಿಸ್ಟರು

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುವ ಗಾದೆಯನ್ನು ನಾನು ಎಪ್ಪತ್ತನಾಲ್ಕನೇ ಇಸವಿಯಲ್ಲಿ ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದವರು ನನ್ನ ಟ್ಯೂಷನ್ನಿನ ಏಳು ಜನ. ಎಲ್ಲರೂ ಪಿ.ಯು.ಸಿ.ಯಲ್ಲಿ ಫಿಸಿಕ್ಸ್ ಫೇಲಾಗಿ ಬಂದವರು. ನಾನು ಎಂ.ಎಸ್ಸಿ. ಫಸ್ಟ್ ಕ್ಲಾಸ್. ನಾಲ್ಕು ಕಾಲೇಜುಗಳಿಗೆ ಇಂಟರ್‌ವ್ಯೂಗೆ ಹೋಗಿ ಬಂದು, ನಾಲ್ಕರಿಂದಲೂ ಉತ್ತರ ಬಾರದೆ, ರಾಜಾಜಿನಗರದ ಯಶೋದಮ್ಮನವರ ಮನೆಯ ಮಹಡಿ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಅಲ್ಲೇ ವಾಸ, ಅಲ್ಲೇ ಪಾಠ. ನನ್ನಂಥವನು ಇಂಥವರ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬೇಕಾಯಿತಲ್ಲ ಅನ್ನುವ ಸಿಟ್ಟು ನನಗೆ. ಅದನ್ನು ಮುಚ್ಚಿಡುವ ಸೌಜನ್ಯವೂ ನನ್ನಲ್ಲಿರಲಿಲ್ಲ.

ಆ ಜೂನ್‌ನಲ್ಲಿ ವಿಮಲಮ್ಮ ಸೇರಿದಳು. ಇಪ್ಪತ್ತನಾಲ್ಕು ವರ್ಷ. ಉಳಿದ ಆರು ಜನ ಹದಿನೆಂಟು ಹತ್ತೊಂಬತ್ತರ ಹುಡುಗರು. ಕಾಮಾಕ್ಷಿಪಾಳ್ಯದ ಕಡೆಯವಳು. ಅವರಪ್ಪ ಕೆಂಚಪ್ಪನಿಗೆ ಮಾಗಡಿ ರಸ್ತೆ ಪಕ್ಕ ರಾಗಿ ಹೊಲ ಇತ್ತಂತೆ, ಕಾರ್ಖಾನೆಗಳು ಬಂದಾಗ ಹೋಯಿತಂತೆ. ಹೊಲ ಹೋದ ಮೇಲೆ ಇವರಿಗೆ ಓದು ನೆನಪಾಗುತ್ತೆ ಅಂದುಕೊಂಡೆ. ಅವಳು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದಳು. ಪಂಪಿನ ಶಾಫ್ಟು, ಬುಷ್ಷುಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ಪಾಸೋ ರಿಜೆಕ್ಟೋ ಹೇಳುವುದು. ಪಿ.ಯು.ಸಿ. ಪೂರ್ತಿಯಾದರೆ ಸೂಪರ್‌ವೈಸರ್ ಮಾಡುತ್ತೇವೆ ಅಂದಿದ್ದರಂತೆ. ಎರಡು ವರ್ಷದ ಹಿಂದೆ ಬರೆದಾಗ ಫಿಸಿಕ್ಸ್ ಒಂದು ಬಿಟ್ಟು ಎಲ್ಲ ಪಾಸಾಗಿತ್ತು.

ಮೊದಲನೇ ವಾರವೇ ಅವಳ ಯೋಗ್ಯತೆ ಗೊತ್ತಾಯಿತು ಅಂದುಕೊಂಡೆ. ಯಂಗ್ಸ್ ಮಾಡ್ಯುಲಸ್ಸಿನ ಲೆಕ್ಕ ಕೊಟ್ಟಿದ್ದೆ. ಎರಡು ಮೀಟರ್ ಉದ್ದದ ಉಕ್ಕಿನ ತಂತಿ, ವ್ಯಾಸ 0.4 ಮಿಲಿಮೀಟರ್, ಎರಡು ಕಿಲೋ ತೂಕ ನೇತುಹಾಕಿದರೆ 1.56 ಮಿಲಿಮೀಟರ್ ಹಿಗ್ಗುತ್ತೆ, ಮಾಡ್ಯುಲಸ್ ಎಷ್ಟು? ಉತ್ತರ ಚದರ ಸೆಂಟಿಮೀಟರಿಗೆ ಎರಡರ ಮುಂದೆ ಹನ್ನೆರಡು ಸೊನ್ನೆ ಡೈನ್ ಬರಬೇಕು. ಅವಳದ್ದು ಅದರ ಕಾಲುಭಾಗ ಬಂದಿತ್ತು.

"ಉಕ್ಕೋ ಇದು, ಬೆಲ್ಲದ ಪಾಕವೋ?" ಅಂದೆ. ಹುಡುಗರು ನಕ್ಕರು. "ದಿನಾ ಕಬ್ಬಿಣ ಮುಟ್ಟೋ ಕೈಯಲ್ವೇನಮ್ಮಾ ನಿಂದು? ನಿಂಗೆ ಫಿಸಿಕ್ಸ್ ಬರಲ್ಲ. ಸುಮ್ನೆ ಯಾಕೆ ಒದ್ದಾಡ್ತೀಯ?"

ಅವಳು ನಗಲಿಲ್ಲ, ಅಳಲಿಲ್ಲ. "ಎಲ್ಲಿ ತಪ್ಪಾಗಿದೆ ಸಾರ್?" ಅಂದಳು.

"ಎಲ್ಲಾ ಕಡೆ."

"ಎಲ್ಲಾ ಕಡೆ ಆಗಿದ್ರೆ ಸರಿಯಾಗಿ ಕಾಲುಭಾಗ ಬರ್ತಿರಲಿಲ್ಲ ಸಾರ್," ಅಂದು ಪುಸ್ತಕ ತೆಗೆದುಕೊಂಡು ಹೋಗಿ ಕೂತಳು.

ಮಾರನೆಯ ದಿನ ಒಂದು ಉದ್ದನೆಯ ರಟ್ಟಿನ ಪುಸ್ತಕ ತಂದಳು. ಕಾರ್ಖಾನೆಯಲ್ಲಿ ರಿಜೆಕ್ಷನ್ ರಿಜಿಸ್ಟರು ಅಂತ ಇರುತ್ತದಂತೆ. ಕೆಟ್ಟ ಪೀಸು ಬಂದರೆ ಸುಮ್ಮನೆ ಬುಟ್ಟಿಗೆ ಎಸೆಯುವ ಹಾಗಿಲ್ಲ. ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು, ಸರಿಯಾದ ಅಳತೆ ಏನು ಅಂತ ಬರೆಯಬೇಕು. ತಿಂಗಳ ಕೊನೆಗೆ ಒಂದೇ ಕಾರಣದವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನೋಡಿದರೆ ಯಾವ ಮೆಷಿನ್ನು ಕೆಟ್ಟಿದೆ ಅಂತ ಗೊತ್ತಾಗುತ್ತೆ. ತನ್ನ ಲೆಕ್ಕಗಳಿಗೂ ಹಾಗೇ ಮಾಡುತ್ತೇನೆ ಅಂದಳು.

"ಜನ ಜಾಣತನ ಬರೆದಿಟ್ಕೋತಾರೆ, ನೀನು ದಡ್ಡತನ ಬರೆದಿಟ್ಕೋತೀಯ," ಅಂದೆ. ಈ ಮಾತು ನನಗೇ ಬಹಳ ಹಿಡಿಸಿ, ಸಂಜೆ ಕೆಳಗೆ ಯಶೋದಮ್ಮನವರಿಗೂ ಹೇಳಿ ನಕ್ಕೆ. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು, ನಗಲಿಲ್ಲ. ಅವರ ಮಗ ಕಿಟ್ಟಿ ಹಿಂದಿನ ವರ್ಷ ನನ್ನ ಹತ್ತಿರವೇ ಓದಿ ಫಿಸಿಕ್ಸಿನಲ್ಲಿ ನಾಲ್ಕು ಅಂಕಕ್ಕೆ ಫೇಲಾಗಿದ್ದ. ಮತ್ತೆ ಪರೀಕ್ಷೆಗೆ ಕಟ್ಟಿಸಲೇ ಅಂತ ಅವರು ಕೇಳಿದಾಗ, "ಅವನ ತಲೇಲಿ ಜೇಡಿಮಣ್ಣಿದೆ, ಯಾವುದಾದ್ರೂ ಕೆಲಸಕ್ಕೆ ಹಚ್ಚಿ" ಅಂತ ಹೇಳಿದವನು ನಾನೇ. ಅವನು ಈಗ ಮಾಗಡಿ ರಸ್ತೆಯ ಲಾರಿ ಬುಕಿಂಗ್ ಆಫೀಸಿನಲ್ಲಿ ಮೂಟೆಗಳ ಮೇಲೆ ವಿಳಾಸ ಬರೆಯುತ್ತಿದ್ದ.

ವಿಮಲಮ್ಮ ಸಂಜೆ ಐದೂವರೆಗೆ ಕಾರ್ಖಾನೆಯಿಂದ ನೇರ ಬರುತ್ತಿದ್ದಳು. ಕೈಯಲ್ಲಿ ಎಣ್ಣೆಯ ವಾಸನೆ. ನಾನು ಕೊಟ್ಟ ಲೆಕ್ಕ ಮಾಡುತ್ತಿದ್ದಳು, ತಪ್ಪಾದರೆ ಅಳಿಸುತ್ತಿರಲಿಲ್ಲ. ರಿಜಿಸ್ಟರಿನ ಎಡಗಡೆ ತಪ್ಪಾದ ಹೆಜ್ಜೆಯನ್ನು ಇದ್ದ ಹಾಗೇ ಬರೆದು ಕೆಂಪು ಗೆರೆ, ಬಲಗಡೆ ಸರಿಯಾದ ಹೆಜ್ಜೆ, ಅಲ್ಲಿಂದ ಉತ್ತರದವರೆಗೆ ಪೂರ್ತಿ. ಕೆಳಗೆ ಕಾರಣ, ಒಂದೇ ಸಾಲು. ವಾರ ಬಿಟ್ಟು ಅದೇ ಥರದ ಬೇರೆ ಲೆಕ್ಕ ಪುಸ್ತಕ ನೋಡದೆ ಮಾಡಬೇಕು. ಸರಿ ಬಂದರೆ ಪಕ್ಕದಲ್ಲಿ ಗುರುತು. ಬರದಿದ್ದರೆ ಹೊಸ ಸಾಲು. ಹುಡುಗರು ಅವಳಿಗೆ ರಿಜೆಕ್ಷನ್ ಅಕ್ಕ ಅಂತ ಹೆಸರಿಟ್ಟರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಆ ಹೆಸರು ಮೊದಲು ಬಂದದ್ದು ನನ್ನ ಬಾಯಲ್ಲೇ.

ಆಗಸ್ಟ್ ಕೊನೆಯ ಒಂದು ಶನಿವಾರ ಎಲ್ಲರೂ ಹೋದ ಮೇಲೆ ಅವಳು ನಿಂತಳು.

"ಸಾರ್, ಎರಡು ತಿಂಗಳದ್ದು ಗುಡ್ಡೆ ಹಾಕಿದೀನಿ. ಒಂದು ಸಲ ನೋಡ್ತೀರಾ?"

"ಎಷ್ಟು ತಪ್ಪು?"

"ಎಪ್ಪತ್ಮೂರು."

"ಭೇಷ್. ನೂರಾದ ಮೇಲೆ ತಾ, ಪಾಯಸ ಮಾಡೋಣ."

ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಪುಟ ಬಿಡಿಸಿದಳು. ಅಳತೆಯ ತಪ್ಪು ಇಪ್ಪತ್ತೊಂಬತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಜಾತಿ, ವ್ಯಾಸವನ್ನು ತ್ರಿಜ್ಯ ಅಂತ ಹಾಕಿದ್ದು. "ಹಗಲೆಲ್ಲ ಮೈಕ್ರೋಮೀಟರಲ್ಲಿ ವ್ಯಾಸಾನೇ ಓದ್ತೀನಲ್ಲ ಸಾರ್, ಕೈ ಅದನ್ನೇ ಬರೆಯುತ್ತೆ. ತ್ರಿಜ್ಯ ಎರಡರಷ್ಟಾದ್ರೆ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕರಷ್ಟು. ಅದಕ್ಕೇ ಉತ್ತರ ಕಾಲುಭಾಗ ಬಂದಿದ್ದು. ಈಗ ಲೆಕ್ಕ ಶುರು ಮಾಡೋಕೆ ಮುಂಚೆನೇ ತ್ರಿಜ್ಯ ಇಷ್ಟು ಅಂತ ಬರೆದುಬಿಡ್ತೀನಿ. ಮೂರು ವಾರದಿಂದ ಆ ತಪ್ಪು ಬಂದಿಲ್ಲ."

ಲಾಗ್ ಟೇಬಲ್ಲಿನ ತಪ್ಪು ಹದಿನೆಂಟು. 0.00785ರ ವರ್ಗಮೂಲ ತೆಗೆಯುವಾಗ ಅದರ ಲಾಗ್ ಬಾರ್ ಮೂರು, ಅಂದರೆ ತಲೆಯ ಮೇಲೆ ಗೆರೆ ಎಳೆದ ಮೈನಸ್ ಮೂರು, ಪಾಯಿಂಟ್ 8949. ಅದನ್ನು ಎರಡರಿಂದ ಸುಮ್ಮನೆ ಭಾಗಿಸಿ ಬಾರ್ ಒಂದು ಪಾಯಿಂಟ್ 9474 ಅಂತ ಬರೆದಿದ್ದಳು, 0.886 ಬಂದಿತ್ತು. ಬಲಗಡೆ ಸರಿಯಾದ ಹೆಜ್ಜೆ: ಬಾರ್ ಮೂರನ್ನು ಬಾರ್ ನಾಲ್ಕು ಮಾಡು, ಆ ಒಂದನ್ನು ದಶಾಂಶಕ್ಕೆ ಕೂಡಿಸು, ಬಾರ್ ನಾಲ್ಕರ ಅರ್ಧ ಬಾರ್ ಎರಡು, 1.8949ರ ಅರ್ಧ ಪಾಯಿಂಟ್ 9474. ಉತ್ತರ 0.0886. ಕಾರಣದ ಸಾಲಿನಲ್ಲಿ ಬರೆದಿದ್ದಳು, ‘ಬಾರ್ ಇರೋದು ಪಾಯಿಂಟಿನ ಎಡಗಡೆ ಅಂಕಿಗೆ ಮಾತ್ರ, ಬಲಗಡೆಯದಕ್ಕಲ್ಲ. ಮರೆತೆ.’

ಪ್ರಶ್ನೆಯನ್ನೇ ಸರಿಯಾಗಿ ಓದದೆ ಮಾಡಿದ್ದು ಒಂಬತ್ತು. ಸೂತ್ರವೇ ಗೊತ್ತಿಲ್ಲದೆ ತಪ್ಪಿದ್ದು ಆರು.

"ಆರೇ ಸಾರ್," ಅಂದಳು. "ಫಿಸಿಕ್ಸ್ ಬರದೆ ತಪ್ಪಾಗಿದ್ದು ಎಪ್ಪತ್ಮೂರರಲ್ಲಿ ಆರು."

ನಾನು ಗಡಿಯಾರ ನೋಡಿದೆ. "ಇನ್ನೂ ಏನಾದ್ರೂ ಇದೆಯಾ?"

"ಚಿಹ್ನೆ ತಪ್ಪು ಹನ್ನೊಂದು. ಅದರಲ್ಲಿ ಒಂಬತ್ತು ಲೆನ್ಸಿಂದು. ಟೆಕ್ಸ್ಟ್‌ಬುಕ್ಕಿನ ಲೆಕ್ಕ ಮಾಡಿ ಹಿಂದಿನ ಉತ್ತರದ ಜೊತೆ ಹೋಲಿಸಿದ್ರೆ ಒಂದೂ ಹೊಂದಲ್ಲ. ಇವಕ್ಕೆ ಕಾರಣ ಬರೆಯೋಕೆ ಆಗ್ಲಿಲ್ಲ. ಒಂಬತ್ತೂ ಒಂದೇ ಥರ ತಪ್ಪಿದೆ. ಒಂದೇ ಥರ ತಪ್ಪಿದ್ರೆ ಮೆಷಿನ್ನು ನೋಡಬೇಕು ಅಂತಾರೆ ನಮ್ಮಲ್ಲಿ." ಸ್ವಲ್ಪ ತಡೆದು ಅಂದಳು: "ನಿಮ್ಮ ನೋಟ್ಸಿನ ಹದಿನಾಲ್ಕನೇ ಲೆಕ್ಕ ಸಾರ್. ನಾನು ಅದನ್ನ ನೋಡಿಕೊಂಡೇ ಮಾಡ್ತಿದ್ದೆ."

ನನ್ನ ನೋಟ್ಸ್! ಅರವತ್ತು ಬಿಡಿಸಿದ ಲೆಕ್ಕಗಳು, ಸ್ಟೆನ್ಸಿಲ್ ಕೊರೆಸಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸಿದ್ದು. ಮೂರು ವರ್ಷದಿಂದ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಮೈಯೆಲ್ಲ ಉರಿಯಿತು.

"ಎಂ.ಎಸ್ಸಿ. ಮಾಡಿರೋದು ನಾನೋ, ನೀನೋ?"

"ನೀವೇ ಸಾರ್. ಅದಕ್ಕೇ ಎಲ್ಲರೂ ಹೋಗ್ಲಿ ಅಂತ ಕಾದು ಕೇಳ್ತಾ ಇದೀನಿ."

ಅಷ್ಟು ಮರ್ಯಾದೆ ಅವಳು ಉಳಿಸಿಕೊಟ್ಟಿದ್ದಳು. ನನಗದು ಬೇಕಾಗಿರಲಿಲ್ಲ. ಇವಳನ್ನು ಇವಳ ಜಾಗದಲ್ಲಿ ಕೂರಿಸಬೇಕು, ಅದೂ ಎಲ್ಲರ ಎದುರಿಗೆ ಅನ್ನಿಸಿತು. "ನಾಳೆ ಭಾನುವಾರ ಬೆಳಿಗ್ಗೆ ಕ್ಲಾಸಿದೆಯಲ್ಲ, ಬೋರ್ಡ್ ಮೇಲೆ ಮಾಡಿ ತೋರಿಸು. ಗೋಪೀನಾಥ ಸಾರ್ ತಪ್ಪು ಅಂತ ಎಲ್ಲರಿಗೂ ಹೇಳು," ಅಂದೆ. ಲೆಕ್ಕವನ್ನು ಒಂದು ಸಲ ತೆಗೆದು ನೋಡುವ ಬುದ್ಧಿಯೂ ನನಗೆ ಬರಲಿಲ್ಲ. ಮೈಮರೆತು ನಿದ್ದೆ ಮಾಡಿದೆ.

ಬೆಳಿಗ್ಗೆ ಅವಳು ಬೋರ್ಡಿನ ಮುಂದೆ ನಿಂತಳು. ಹುಡುಗರು ಆಟ ನೋಡಲು ಬಂದವರ ಹಾಗೆ ಕೂತಿದ್ದರು. ಮುಂದಿನ ಬೆಂಚಿನ ವೆಂಕಟಗಿರಿ ಆಗಲೇ ಪಕ್ಕದವನಿಗೆ ಮೊಣಕೈಯಲ್ಲಿ ತಿವಿಯುತ್ತಿದ್ದ.

"ಕಾನ್‌ಕೇವ್ ಲೆನ್ಸ್. ಫೋಕಲ್ ದೂರ ಹತ್ತು ಸೆಂಟಿಮೀಟರ್. ವಸ್ತು ಹದಿನೈದು ಸೆಂಟಿಮೀಟರ್ ದೂರದಲ್ಲಿ. ನೋಟ್ಸಲ್ಲಿ ಸೂತ್ರ 1/v − 1/u = 1/f ಅಂತಿದೆ," ಅಂದಳು. "ಇದು ಹೊಸ ಪುಸ್ತಕದ ಸೂತ್ರ. ಇದರಲ್ಲಿ ಬೆಳಕು ಹೋಗೋ ದಿಕ್ಕಿಗೆ ಅಳೆದ್ರೆ ಪ್ಲಸ್, ಅದಕ್ಕೆ ವಿರುದ್ಧ ಅಳೆದ್ರೆ ಮೈನಸ್. ಕಾನ್‌ಕೇವ್ ಲೆನ್ಸಿಗೆ f ಮೈನಸ್ ಹತ್ತು. ವಸ್ತು ಎಡಗಡೆ ಇದೆ, ಹಾಗಾಗಿ u ಮೈನಸ್ ಹದಿನೈದು. ನೋಟ್ಸಲ್ಲಿ ಪ್ಲಸ್ ಹದಿನೈದು ಅಂತ ಹಾಕಿದೆ. ಹಾಗೆ ಹಾಕೋದು ಹಳೇ ಪುಸ್ತಕದ ಪದ್ಧತಿ. ಅದರಲ್ಲಿ ಸೂತ್ರಾನೇ ಬೇರೆ, 1/u ಮತ್ತು 1/v ಎರಡನ್ನೂ ಕೂಡಬೇಕು. ಸೂತ್ರ ಒಂದು ಪುಸ್ತಕದ್ದು, ಚಿಹ್ನೆ ಇನ್ನೊಂದು ಪುಸ್ತಕದ್ದು."

ಅವಳು ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿದಳು. ಎಡಗಡೆ ನನ್ನದು. ಮೈನಸ್ ಹತ್ತನೇ ಒಂದು ಮತ್ತು ಪ್ಲಸ್ ಹದಿನೈದನೇ ಒಂದು ಸೇರಿ ಮೈನಸ್ ಮೂವತ್ತನೇ ಒಂದು. ಪ್ರತಿಬಿಂಬ ಮೂವತ್ತು ಸೆಂಟಿಮೀಟರಿನಲ್ಲಿ. ಬಲಗಡೆ ಅವಳದ್ದು. ಮೈನಸ್ ಹತ್ತನೇ ಒಂದು ಮತ್ತು ಮೈನಸ್ ಹದಿನೈದನೇ ಒಂದು ಸೇರಿ ಮೈನಸ್ ಆರನೇ ಒಂದು. ಪ್ರತಿಬಿಂಬ ಆರು ಸೆಂಟಿಮೀಟರಿನಲ್ಲಿ, ವಸ್ತು ಇರುವ ಕಡೆಯೇ.

"ನಿನ್ನದು ಸರಿ, ನನ್ನದು ತಪ್ಪು ಅಂತ ಯಾರು ಹೇಳಿದ್ದು?" ಅಂದೆ.

"ಮೂವತ್ತು ಅಂದ್ರೆ ವಸ್ತುವಿಗಿಂತ ಎರಡರಷ್ಟು ದೂರ, ಹಾಗಾದ್ರೆ ಎರಡರಷ್ಟು ದೊಡ್ಡದು ಕಾಣಬೇಕು. ಕಾನ್‌ಕೇವ್ ಲೆನ್ಸಲ್ಲಿ ಯಾವತ್ತೂ ಚಿಕ್ಕದೇ ಕಾಣೋದು ಸಾರ್." ನನ್ನ ಮುಖ ನೋಡಿ, ಹಿಂಜರಿದು, ಕೊನೆಗೆ ಹೇಳಿಯೇಬಿಟ್ಟಳು. "ನಿಮ್ಮ ಕನ್ನಡಕದ್ದೂ ಅದೇ ಲೆನ್ಸು. ತೆಗೆದು ಪುಸ್ತಕದ ಮೇಲೆ ಹಿಡಿದು ನೋಡಿ."

ವೆಂಕಟಗಿರಿ ಎದ್ದು ಬಂದು ಕೈಚಾಚಿದ. ಹಾಗೆ ಕೈಚಾಚಿದವನಿಗೆ ಹಿಂದಿನ ದಿನವಾಗಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ. ಕನ್ನಡಕ ತೆಗೆದುಕೊಟ್ಟೆ. ಅವನು ಅದನ್ನು ನೋಟ್ಸಿನ ಹಾಳೆಯ ಮೇಲೆ ಎತ್ತಿ ಹಿಡಿದು, "ಲೋ, ಅಕ್ಷರ ಇರುವೆ ಆದಂಗಾಯ್ತು ಕಣ್ರೋ!" ಅಂದ. ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಕನ್ನಡಕವಿಲ್ಲದ ನನಗೆ ಅವರ ಮುಖಗಳು ಕಾಣಿಸಲಿಲ್ಲ, ನಗು ಮಾತ್ರ ಕೇಳಿಸಿತು.

"ಸ್ಟೆನ್ಸಿಲ್ ಕೊರೆದವನ ತಪ್ಪು ಅದು," ಅಂದೆ. "ನಾನು ಸರಿಯಾಗೇ ಬರೆದುಕೊಟ್ಟಿದ್ದೆ."

ಸ್ಟೆನ್ಸಿಲ್ ಕೊರೆದವನು ಮೈನಸ್ಸಿನ ಬದಲು ಪ್ಲಸ್ ಬರೆಯಬಹುದು, ಆದರೆ ಐದು ಹೆಜ್ಜೆ ತಾನೇ ಲೆಕ್ಕ ಮಾಡಿ ಮೂವತ್ತು ತರಲಾರ. ಅದು ವೆಂಕಟಗಿರಿಗೂ ತಿಳಿಯಿತು. ವಿಮಲಮ್ಮ ನನ್ನನ್ನು ನೋಡಿದಳು. ಕೆಟ್ಟ ಬುಷ್ಷನ್ನು ಬೆಳಕಿಗೆ ಹಿಡಿದು ನೋಡಿದ ಹಾಗೆ ಒಂದು ಕ್ಷಣ ನೋಡಿ, ಬೋರ್ಡ್ ಒರೆಸಿ, ಹೋಗಿ ಕೂತಳು. ಪಾಠ ಮುಗಿದ ಮೇಲೆ ಆರೂ ಜನ ಅವಳ ಸುತ್ತ ಕೂತು ಲೆನ್ಸಿನ ಪುಟ ನಕಲು ಮಾಡಿಕೊಂಡರು. ರಿಜೆಕ್ಷನ್ ಅಕ್ಕ ಅಂತ ಆಮೇಲೆ ಯಾರೂ ಕರೆಯಲಿಲ್ಲ. ಹೋಗುವಾಗ ಅವಳು ರಿಜಿಸ್ಟರನ್ನು ಮೇಜಿನ ಮೇಲಿಟ್ಟು, "ಪೂರ್ತಿ ನೋಡಿ ಸಾರ್, ಬೇರೆ ಏನಾದ್ರೂ ನನ್ನದು ತಪ್ಪಿದ್ರೆ ಹೇಳಿ," ಅಂದಳು.

ಅವತ್ತು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಅವಳ ತಪ್ಪು ಹುಡುಕಲು ಕೂತವನು ನನ್ನ ನೋಟ್ಸ್ ಬಿಚ್ಚಿದೆ. ಅರವತ್ತು ಲೆಕ್ಕವನ್ನೂ ಹಾಳೆ ಮುಚ್ಚಿ ಮತ್ತೆ ಮಾಡಿದೆ. ನಾಲ್ಕು ದಿನ ಹಿಡಿಯಿತು. ಏಳು ತಪ್ಪಿದ್ದವು. ಅವಳ ಹಾಗೇ ಗೆರೆ ಎಳೆದು ವಿಂಗಡಿಸಿದೆ. ಎರಡು ಲಾಗ್, ಮೂರು ಅಳತೆ, ಒಂದು ಚಿಹ್ನೆ. ಇನ್ನೊಂದರಲ್ಲಿ ಸೆಂಟಿಗ್ರೇಡನ್ನು ಅಬ್ಸೊಲ್ಯೂಟಿಗೆ ತರದೆ ಗ್ಯಾಸಿನ ಸೂತ್ರದೊಳಗೆ ಹಾಕಿದ್ದೆ, ಅಂದರೆ ನನಗೇ ಫಿಸಿಕ್ಸ್ ಬಾರದ್ದು. ಕಾರಣದ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ಏಳನ್ನೂ ನಾನು ಯಾವತ್ತೂ ಬಿಡಿಸಿರಲಿಲ್ಲ. ನಾನು ಓದುವಾಗ ನಮ್ಮ ಮೇಷ್ಟ್ರು ಬರೆಸಿದ್ದನ್ನು, ಹಳೇ ಗೈಡಿನದನ್ನು ಇದ್ದ ಹಾಗೇ ಎತ್ತಿ ಇಳಿಸಿದ್ದೆ. ಫಸ್ಟ್ ಕ್ಲಾಸಿನವನಿಗೆ ಇಂಥ ಪುಡಿ ಲೆಕ್ಕ ಮಾಡುವುದು ಅವಮಾನ ಅನ್ನಿಸುತ್ತಿತ್ತು.

ಆಗ ಕಿಟ್ಟಿ ನೆನಪಾದ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕಾನ್‌ಕೇವ್ ಲೆನ್ಸಿನ ಲೆಕ್ಕ ಐದು ಅಂಕಕ್ಕೆ ಬಂದಿತ್ತು. ಅವನು ಫೇಲಾದದ್ದು ನಾಲ್ಕು ಅಂಕಕ್ಕೆ.

ಹೋಗಿ ಹೇಳಬೇಕೋ ಬೇಡವೋ ಅಂತ ಎರಡು ವಾರ ಮೀನ ಮೇಷ ಎಣಿಸಿದೆ. ಮೆಟ್ಟಿಲಿಳಿಯುವಾಗ ಯಶೋದಮ್ಮ ಎದುರಾದರೆ ಬೇಗ ಬೇಗ ಹೋಗಿಬಿಡುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಮಾಗಡಿ ರಸ್ತೆಗೆ ಹೋದೆ. ಕಿಟ್ಟಿ ಮೆಣಸಿನಕಾಯಿ ಮೂಟೆಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಕಪ್ಪು ಬಣ್ಣದ ಡಬ್ಬಿಯಲ್ಲಿ ಬ್ರಷ್ ಅದ್ದಿ ದಾವಣಗೆರೆ ಅಂತ ಬರೆಯುತ್ತಿದ್ದ. ಅಕ್ಷರ ಚೆನ್ನಾಗಿತ್ತು. ನಾನು ಸೀನುತ್ತಾ ನಿಂತು, ಸರಿ ಮಾಡಿದ ಹಾಳೆ ಅವನ ಕೈಗೆ ಕೊಟ್ಟೆ. ಅವನು ಎದ್ದು ನಿಂತು ಓದಿದ. ಎರಡೇ ನಿಮಿಷ.

"ಆರು ಸೆಂಟಿಮೀಟರ್," ಅಂದ. "ನಾನು ಮೊದಲು ಇದನ್ನೇ ಬರೆದಿದ್ದೆ ಸಾರ್ ಪರೀಕ್ಷೇಲಿ. ಆಮೇಲೆ ನಿಮ್ಮ ನೋಟ್ಸಲ್ಲಿ ಹಿಂಗಿಲ್ಲವಲ್ಲ ಅಂತ ಹೊಡೆದುಹಾಕಿ ನಿಮ್ಮ ಥರ ಮಾಡಿದೆ."

"ನನ್ನನ್ನ ಕೇಳಬಹುದಿತ್ತಲ್ಲೋ."

"ಕೇಳಿದ್ದೆ. ಜನವರೀಲಿ. ಡಸ್ಟರ್ ಎಸೆದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ನಿಮಗೆ ನೆನಪಿರಲ್ಲ ಬಿಡಿ, ದಿನಾ ಎಸೀತಿದ್ರಿ."

ಮತ್ತೆ ಪರೀಕ್ಷೆಗೆ ಕಟ್ಟು, ನಾನೇ ಹೇಳಿಕೊಡುತ್ತೇನೆ ಅಂದೆ. ಅವನು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ, "ಕಟ್ಟೋದಾದ್ರೆ ಕಟ್ತೀನಿ. ಆದ್ರೆ ನಿಮ್ಮ ಹತ್ರ ಬರಲ್ಲ ಸಾರ್," ಅಂದು ಮುಂದಿನ ಮೂಟೆಗೆ ತಿರುಗಿದ.

ಸಂಜೆ ಯಶೋದಮ್ಮನವರಿಗೂ ಹೇಳಿದೆ. "ನಮ್ಮ ಮಗನ ತಲೇಲಿ ಜೇಡಿಮಣ್ಣು ಅಂದಿದ್ರಿ," ಅಂದರು. "ಒಂದು ವರ್ಷ ನಾನೂ ಅದನ್ನೇ ನಂಬಿದೆ. ಅವನ ಮುಖಕ್ಕೇ ಹೇಳಿದೀನಿ." ಮನೆ ಬಿಡಿ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಆದರೆ ಹಬ್ಬದ ದಿನ ಮೇಲಕ್ಕೆ ಕಳಿಸುತ್ತಿದ್ದ ಒಬ್ಬಟ್ಟು ಆ ವರ್ಷದಿಂದ ಬರಲಿಲ್ಲ.

ಎಪ್ಪತ್ತೈದರ ಏಪ್ರಿಲ್‌ನಲ್ಲಿ ಪರೀಕ್ಷೆಯಾಯಿತು. ಏಳು ಜನರಲ್ಲಿ ಐದು ಜನ ಪಾಸಾದರು. ವಿಮಲಮ್ಮನಿಗೆ ಅರವತ್ತೊಂದು ಬಂತು. ಕಿಟ್ಟಿಯೂ ಬರೆದಿದ್ದ, ನಲವತ್ತೆಂಟು. ಅವನಿಗೆ ಆರು ತಿಂಗಳು ಪ್ರತಿ ಭಾನುವಾರ ಲಾರಿ ಆಫೀಸಿನ ಹಿಂದೆ ಕೂರಿಸಿಕೊಂಡು ಹೇಳಿಕೊಟ್ಟವಳು ವಿಮಲಮ್ಮ ಅಂತ ಗೊತ್ತಾದದ್ದು ಫಲಿತಾಂಶದ ದಿನ, ಅದೂ ವೆಂಕಟಗಿರಿಯ ಬಾಯಿಂದ.

ಆ ವಾರ ಅವಳು ಬಂದಳು. ನಾನು ಮೊದಲ ಸಲ ಅವಳಿಗೆ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಅಂದೆ. ಕೂರಲಿಲ್ಲ.

"ನನ್ನ ರಿಜಿಸ್ಟರು ಬೇಕಿತ್ತು ಸಾರ್."

ಪರೀಕ್ಷೆ ಮುಗಿದ ದಿನ ಅವಳಿಂದ ಮತ್ತೆ ಕೇಳಿ ಇಸಕೊಂಡಿದ್ದೆ, ಅದು ಮೇಜಿನ ಮೇಲೇ ಇತ್ತು. ಪಕ್ಕದಲ್ಲಿ ನಾನು ಅದರಿಂದ ಇಳಿಸಿಕೊಳ್ಳುತ್ತಿದ್ದ ಹಾಳೆಗಳು. ಅಷ್ಟು ಹೊತ್ತಿಗೆ ಕೆಂಗೇರಿ ಕಡೆಯ ಒಂದು ಕಾಲೇಜಿನಿಂದ ಲೆಕ್ಚರರ್ ಕೆಲಸದ ಆರ್ಡರ್ ಬಂದಿತ್ತು. ಅಲ್ಲಿಯ ಮಕ್ಕಳಿಗೆ ‘ಸಾಮಾನ್ಯ ತಪ್ಪುಗಳು’ ಅಂತ ಹೊಸ ನೋಟ್ಸ್ ಮಾಡಿಸುವ ಯೋಚನೆ ನನಗೆ. ಅವಳು ಹಾಳೆಗಳನ್ನು ನೋಡಿದಳು. ಅವಳ ಒಂಬತ್ತು ಲೆನ್ಸಿನ ತಪ್ಪು, ಅವಳ ಬಾರ್ ಮೂರು, ಅವಳ ವ್ಯಾಸ ತ್ರಿಜ್ಯ, ಎಲ್ಲಾ ನನ್ನ ದುಂಡು ಅಕ್ಷರದಲ್ಲಿ.

"ಮಕ್ಕಳಿಗೆ ಉಪಯೋಗ ಆಗುತ್ತೆ ಅಂತ..." ಅಂದೆ.

"ಅದು ನನ್ನ ಕೈ ಮಾಡಿದ ತಪ್ಪು ಸಾರ್. ಆ ಮಕ್ಕಳ ಕೈ ಬೇರೆ ತಪ್ಪು ಮಾಡುತ್ತೆ. ಅವರವರದ್ದು ಅವರವರೇ ಬರೆದ್ರೆ ಮಾತ್ರ ಉಪಯೋಗ. ಇದನ್ನೂ ಬಾಯಿಪಾಠ ಮಾಡಿಸ್ತೀರಾ?"

ಉತ್ತರಕ್ಕೆ ಕಾಯಲಿಲ್ಲ. ರಿಜಿಸ್ಟರನ್ನು ಬ್ಯಾಗಿಗೆ ಹಾಕಿಕೊಂಡು, ನಮಸ್ಕಾರ ಅಂತ ಹೇಳಿ, ಮೆಟ್ಟಿಲಿಳಿದಳು. ಕೆಳಗೆ ಯಶೋದಮ್ಮ ಅವಳನ್ನು ಒಳಗೆ ಕರೆದು ಕಾಫಿ ಕೊಟ್ಟದ್ದು, ಕಿಟ್ಟಿಯೂ ಸೇರಿ ಮೂವರೂ ಏನೋ ಮಾತಾಡಿ ನಕ್ಕದ್ದು ಕೇಳಿಸಿತು.

ಜೂನ್‌ನಲ್ಲಿ ಕೆಂಗೇರಿಯ ಕೆಲಸಕ್ಕೆ ಸೇರಿದೆ. ಮೊದಲನೇ ದಿನ ಎಂಬತ್ತು ಹುಡುಗರು ಎದುರಿಗೆ ಕೂತಿದ್ದರು. ಒಬ್ಬೊಬ್ಬರೂ ಒಂದೊಂದು ರಟ್ಟಿನ ಪುಸ್ತಕ ತರಬೇಕು ಅಂದೆ. ಯಾಕೆ ಸಾರ್ ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ನಾನು ವಿವರಿಸಲು ಶುರು ಮಾಡಿದೆ.